ಬಿಲ್ಲಿನಲ್ಲಿ ಕಡಿತವಾದ 29,600 ರೂಪಾಯಿ: ಗೇಟ್ ಮೊಹರಿನಿಂದ ಲೆಕ್ಕ ಹಿಡಿಯುವುದು

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆ ಬಳಿಯ ಭೋಸರಿಯಲ್ಲೋ ಚಾಕಣದಲ್ಲೋ ನಾಲ್ಕು ಲೇಥ್ ಹಾಕಿಕೊಂಡವರಿಗೆ ದೊಡ್ಡ ಕಂಪನಿಯ ದುಡ್ಡು ಬಂದರೆ ಬಂತು ಎನ್ನುವ ಸಮಾಧಾನವೇ ದೊಡ್ಡದು. ಬಿಲ್ಲಿಗಿಂತ ಸ್ವಲ್ಪ ಕಡಿಮೆ ಬಂದಿದ್ದರೆ ಫೋನ್ ಮಾಡುತ್ತಾರೆ. ಆ ಕಡೆಯವರು "ಸಿಸ್ಟಮ್‌ನಲ್ಲೇ ಕಟ್ ಆಗಿದೆ" ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸಿಸ್ಟಮ್ ತಾನಾಗಿ ಕತ್ತರಿ ಹಾಕುವುದಿಲ್ಲ. ಅದಕ್ಕೆ ಯಾರೋ ಒಂದು ತಾರೀಕು, ಒಂದು ಶರತ್ತು ತುಂಬಿರುತ್ತಾರೆ. ಅದು ಯಾವುದೆಂದು ಹುಡುಕಬೇಕು.

ಒಂದು ಲೆಕ್ಕ ಹಿಡಿದು ನೋಡೋಣ. ಪರ್ಚೇಸ್ ಆರ್ಡರ್, ಅಂದರೆ ಪಿಒ, 2,000 ಬುಶ್‌ಗಳದ್ದು, ದರ 185 ರೂಪಾಯಿ, ಮಾಲು ತಲುಪಬೇಕಾದ ದಿನ ಜೂನ್ 3. 1,500 ಪೀಸ್ ಅಂದೇ ಕಂಪನಿಯ ಗೇಟ್ ದಾಟಿತು, ಉಳಿದ 500 ಜೂನ್ 9ಕ್ಕೆ. ಎರಡು ಬಿಲ್ ಸೇರಿ 3,70,000, 18% ಜಿಎಸ್‌ಟಿ 66,600, ಒಟ್ಟು 4,36,600. ಆಗಸ್ಟ್ 5ರಂದು ಖಾತೆಗೆ ಬಂದದ್ದು 4,07,000. ಕೊರತೆ 29,600.

ಮೊದಲು ಬೇಕಾದದ್ದು ಪೇಮೆಂಟ್ ಅಡ್ವೈಸ್, ಅಂದರೆ ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಕಡಿದರು ಎಂದು ಕಂಪನಿ ಕಳಿಸುವ ಹಾಳೆ. ಅದು ಕೈಗೆ ಬರುವ ತನಕ ಒಂದು ರೂಪಾಯಿಯ ಬಗ್ಗೆಯೂ ವಾದಕ್ಕೆ ಇಳಿಯಬೇಡಿ. ಈ ಅಡ್ವೈಸ್‌ನಲ್ಲಿ ನಾಲ್ಕು ಕಡಿತ ಇದ್ದವು ಎಂದುಕೊಳ್ಳಿ: ಟಿಡಿಎಸ್ 370, ರಿಜೆಕ್ಷನ್ 13,098, ತಡದ ದಂಡ 7,400, ಕ್ಯಾಶ್ ಡಿಸ್ಕೌಂಟ್ 8,732. ಇನ್ನು ಪಿಒದ ಹಿಂದಿನ ಪುಟ, ಅಂದರೆ ಯಾರೂ ಓದದ ಆ ಸಣ್ಣ ಅಕ್ಷರದ ಪುಟ, ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ನೋಡಬೇಕು.

ಟಿಡಿಎಸ್ ಜಗಳದ ವಿಷಯವೇ ಅಲ್ಲ. ದೊಡ್ಡ ಕಂಪನಿ ಒಬ್ಬ ಸಪ್ಲೈಯರ್‌ನಿಂದ ವರ್ಷಕ್ಕೆ 50 ಲಕ್ಷಕ್ಕಿಂತ ಹೆಚ್ಚು ಕೊಂಡರೆ, ಹೆಚ್ಚಾದ ಭಾಗದ ಮೇಲೆ 0.1% ಹಿಡಿಯುತ್ತದೆ. ಆ ದುಡ್ಡು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆಮೇಲೆ ನೋಡಿಕೊಂಡರೆ ಸಾಕು.

ತಡದ ದಂಡದಲ್ಲಿ ನಿಜವಾದ ಗಂಟು ಇದೆ. ಪಿಒ ಹೇಳುವುದು "ತಡವಾದ ಮಾಲಿನ ಬೆಲೆಯ ಮೇಲೆ ವಾರಕ್ಕೆ ಅಥವಾ ವಾರದ ಭಾಗಕ್ಕೆ 1%" ಎಂದು. ತಡವಾದದ್ದು 500 ಪೀಸ್, ಬೆಲೆ 92,500. ಆರು ದಿನ ತಡ ಎಂದರೆ ಒಂದು ವಾರದ ಲೆಕ್ಕ, 925 ರೂಪಾಯಿ. ಹಾಗಾದರೆ 7,400 ಎಲ್ಲಿಂದ ಬಂತು? ಸ್ಟೋರ್ಸ್‌ನವರು ಎರಡೂ ಲಾಟಿನ ಜಿಆರ್‌ಎನ್ ಅನ್ನು, ಅಂದರೆ ಮಾಲು ಸ್ವೀಕರಿಸಿದ ದಾಖಲೆಯನ್ನು, ಒಟ್ಟಿಗೆ ಜೂನ್ 12ಕ್ಕೆ ಮಾಡಿದ್ದಾರೆ. ಕಂಪ್ಯೂಟರ್‌ಗೆ ಗೇಟ್ ಗೊತ್ತಿಲ್ಲ, ಜಿಆರ್‌ಎನ್ ಮಾತ್ರ ಗೊತ್ತು. ಅದರ ಪ್ರಕಾರ 2,000 ಪೀಸೂ ಒಂಬತ್ತು ದಿನ ತಡ, ಅಂದರೆ ಎರಡು ವಾರ, 3,70,000ದ ಮೇಲೆ 2%. ಇದಕ್ಕೆ ಉತ್ತರ ಸೆಕ್ಯುರಿಟಿಯವರು ಬಿಲ್ಲಿನ ಪ್ರತಿಯ ಮೇಲೆ ಒತ್ತಿದ ಇನ್‌ವರ್ಡ್ ಮೊಹರು. ಟೆಂಪೋ ಡ್ರೈವರ್ ಆ ಪ್ರತಿಯನ್ನು ವಾಪಸ್ ತರದಿದ್ದರೆ ವಾದ ಅರ್ಧ ಸೋತಂತೆ. ಇ-ವೇ ಬಿಲ್ ಮಾಲು ಹೊರಟದ್ದನ್ನು ತೋರಿಸುತ್ತದೆ, ಮುಟ್ಟಿದ್ದನ್ನಲ್ಲ. 925 ಒಪ್ಪಿ, 6,475 ಕೇಳಿ.

ರಿಜೆಕ್ಷನ್ 60 ಪೀಸಿನದು. ಇದನ್ನು ಇಡಿಯಾಗಿ ಒಪ್ಪಲೂ ಬಾರದು, ಇಡಿಯಾಗಿ ತಳ್ಳಲೂ ಬಾರದು. 22 ಪೀಸಿಗೆ ಜೂನ್ 16ರಂದೇ ಅಳತೆಯ ರಿಪೋರ್ಟ್ ಸಮೇತ ರಿಜೆಕ್ಷನ್ ನೋಟ್ ಬಂದಿತ್ತು. ಅದು ನಿಮ್ಮ ತಪ್ಪು, ಜಿಎಸ್‌ಟಿ ಸೇರಿ 4,802.60 ಬಿಟ್ಟುಕೊಡಿ. ಉಳಿದ 38 ಪೀಸಿನ ಸುದ್ದಿ ಮೊದಲು ಕೇಳಿದ್ದೇ ಪೇಮೆಂಟ್ ಅಡ್ವೈಸ್‌ನಲ್ಲಿ, "ಲೈನ್ ರಿಜೆಕ್ಷನ್" ಎಂದು. ಅವರ ಅಸೆಂಬ್ಲಿ ಲೈನ್‌ನಲ್ಲಿ ಕೆಟ್ಟದ್ದನ್ನು 30 ದಿನದೊಳಗೆ ರಿಪೋರ್ಟ್ ಮತ್ತು ಪೀಸ್ ಸಮೇತ ವಾಪಸ್ ಕೊಡಬೇಕು ಎಂದು ಈ ಪಿಒದಲ್ಲಿದೆ. ಎರಡೂ ಬಂದಿಲ್ಲ. ಹಾಗಾಗಿ ಕ್ವಾಲಿಟಿಯವರಿಗೆ ಬರೆಯುವ ಮೇಲ್ ಎರಡೇ ಸಾಲು: ಪೀಸ್ ಕೊಡಿ, ರಿಪೋರ್ಟ್ ಕೊಡಿ, ಇಲ್ಲದಿದ್ದರೆ 8,295.40 ಕೊಡಿ. ಪೀಸ್ ಸ್ಕ್ರ್ಯಾಪ್‌ಗೆ ಹೋಗಿಬಿಟ್ಟಿರುವುದೇ ಹೆಚ್ಚು.

ಇಲ್ಲಿ ಹಲವರು ಎಡವುತ್ತಾರೆ. ಪರ್ಚೇಸ್‌ನವರು "ಡೆಬಿಟ್ ನೋಟ್ ಕಳಿಸಿದ್ದೇವೆ, ನಿಮ್ಮ ಕ್ರೆಡಿಟ್ ನೋಟ್ ಕಳಿಸಿ" ಎಂದೊಡನೆ ಪೂರಾ 13,098ಕ್ಕೆ ಬರೆದು ಕಳಿಸುತ್ತಾರೆ. ಅವರ ಡೆಬಿಟ್ ನೋಟ್‌ನಿಂದ ನಿಮ್ಮ ಜಿಎಸ್‌ಟಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ನಿಮ್ಮ ಕ್ರೆಡಿಟ್ ನೋಟ್‌ನಿಂದ, ಆದರೆ ಅದನ್ನು ಬರೆದ ಮೇಲೆ ಆ ಮೊತ್ತ ನೀವೇ ಒಪ್ಪಿದಂತೆ. 22 ಪೀಸಿಗೆ ಮಾತ್ರ ಬರೆಯಿರಿ. 38ರ ತೀರ್ಮಾನ ತಡವಾದರೂ ಕಾಯಬಹುದು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ತೋರಿಸಿದರೆ ತೆರಿಗೆ ಇಳಿಸಿಕೊಳ್ಳಲು ಅವಕಾಶ ಇದೆ.

ಕ್ಯಾಶ್ ಡಿಸ್ಕೌಂಟ್ ಅತಿ ಸುಲಭದ್ದು. 10 ದಿನದಲ್ಲಿ ಕೊಟ್ಟರೆ 2%, ಇಲ್ಲದಿದ್ದರೆ ಜಿಆರ್‌ಎನ್‌ನಿಂದ 45 ದಿನ ಎಂಬುದು ಪಿಒದ ಶರತ್ತು. ದುಡ್ಡು ಬಂದದ್ದು ಆಗಸ್ಟ್ 5ಕ್ಕೆ. ಸಪ್ಲೈಯರ್‌ಗಳ ಶರತ್ತು ತುಂಬಿಟ್ಟ ಅವರ ವೆಂಡರ್ ಮಾಸ್ಟರ್‌ನಲ್ಲಿ ತಪ್ಪು ಕೋಡ್ ಕೂತಿರುತ್ತದೆ. ಅಕೌಂಟ್ಸ್‌ನವರು ಅದನ್ನು ಸರಿಮಾಡದಿದ್ದರೆ ಮುಂದಿನ ಬಿಲ್ಲಿಗೂ ಅದೇ ಕತ್ತರಿ. 8,732 ವಾಪಸ್ ಕೇಳುವ ಮೇಲ್‌ನಲ್ಲೇ ಕೋಡ್ ಬದಲಾಯಿಸಿ ಎಂದೂ ಬರೆಯಿರಿ.

ಹೀಗೆ ನೀವು ಬಿಟ್ಟದ್ದು 6,097.60, ಕೇಳುವುದು 23,502.40. ದಂಡಕ್ಕೆ ಪರ್ಚೇಸ್, ಪೀಸಿಗೆ ಕ್ವಾಲಿಟಿ, ಡಿಸ್ಕೌಂಟಿಗೆ ಅಕೌಂಟ್ಸ್: ಮೂರು ಬೇರೆ ಮೇಲ್, ಪ್ರತಿಯೊಂದರಲ್ಲೂ ಪಿಒ ನಂಬರ್, ಶರತ್ತಿನ ನಂಬರ್, ಮೊಹರಿನ ಫೋಟೋ. ಒಂದೇ ಮೇಲ್ ಎಲ್ಲರಿಗೂ ಹಾಕಿದರೆ ಮೂವರೂ ಇನ್ನೊಬ್ಬರು ನೋಡಿಕೊಳ್ಳಲಿ ಎಂದು ಸುಮ್ಮನಾಗುತ್ತಾರೆ. ಫೋನಿನಲ್ಲಿ ಮರಾಠಿಯಲ್ಲಿ ಎಷ್ಟು ಸಲುಗೆಯಿಂದ ಮಾತಾಡಿದರೂ ಸಂಜೆ ಒಂದು ಸಾಲು ಬರಹದಲ್ಲಿ ಹೋಗಲಿ.

ಇನ್ನು ದಿನಗಳ ಲೆಕ್ಕ. ಪಿಒ ಪ್ರಕಾರ 45 ದಿನ ಜುಲೈ 27ಕ್ಕೆ ಮುಗಿಯಿತು, ಅವರ ಪೇಮೆಂಟ್ ರನ್ 5 ಮತ್ತು 20ಕ್ಕೆ, ಅದಕ್ಕೇ ಆಗಸ್ಟ್ 5. ಆದರೆ ನೀವು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಎಣಿಸುವುದು ಮಾಲು ನಿಜವಾಗಿ ಮುಟ್ಟಿದ ದಿನದಿಂದ. 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಂದರೆ ಮಾತ್ರ ಆ ದಿನ ಮುಂದೆ ಹೋಗುತ್ತದೆ. ಪಿಒ ಏನೇ ಹೇಳಲಿ, 45 ದಿನ ಮೀರುವಂತಿಲ್ಲ. ಮೊದಲ ದಿನ ಗೇಟ್ ದಾಟಿದ 1,500 ಪೀಸಿನಲ್ಲಿ ಆಕ್ಷೇಪವಿಲ್ಲದವಕ್ಕೆ ಕೊನೆಯ ದಿನ ಜುಲೈ 18. ತಡಕ್ಕೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ 5.5% ಇದ್ದರೆ 16.5%: 23,502ಕ್ಕೆ ತಿಂಗಳಿಗೆ ಸುಮಾರು 323 ರೂಪಾಯಿ. ತಾವು ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗಳಿಗೂ ಮಧ್ಯಮ ಘಟಕಗಳಿಗೂ ಈ ಆಸರೆ ಇಲ್ಲ.

ಮೊದಲ ಪತ್ರದಲ್ಲೇ ಕಾಯ್ದೆ ಎತ್ತುವುದು ನನಗೆ ಸರಿಕಾಣದು. 323 ರೂಪಾಯಿಗಾಗಿ ಮುಂದಿನ ಆರ್ಡರ್ ಕಳೆದುಕೊಳ್ಳುವ ಲೆಕ್ಕ ಯಾರಿಗೂ ಬೇಡ. ಉದ್ಯಮ್ ನಂಬರ್ ಬಿಲ್ಲಿನ ಮೇಲೆ ಅಚ್ಚಾಗಿರಲಿ, ಸಾಕು. ಸಣ್ಣ ಘಟಕದ ಬಾಕಿಯನ್ನು ಅವಧಿಯೊಳಗೆ ಕೊಡದಿದ್ದರೆ ಆ ಖರ್ಚು ಕೊಟ್ಟ ವರ್ಷದಲ್ಲೇ ತೆರಿಗೆ ಲೆಕ್ಕಕ್ಕೆ ಸಿಗುವುದೆಂದು ಅವರ ಆಡಿಟರ್‌ಗೆ ಗೊತ್ತು. ಆರು ತಿಂಗಳ ಬಿಲ್‌ಗಳು ಸೇರಿ ಮೊತ್ತ ಲಕ್ಷ ದಾಟಿ, ಮೇಲ್‌ಗಳಿಗೆ ಉತ್ತರವೇ ಇಲ್ಲದಾಗ ಇಂಥ ಬಾಕಿಯ ತಕರಾರು ನೋಡುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುವುದನ್ನು ಯೋಚಿಸಬಹುದು.

ಆದರೆ ಆಡಿಟರ್‌ಗೆ ಬಾಕಿ ಕಾಣಬೇಕಲ್ಲ. ಡೆಬಿಟ್ ನೋಟ್ ಹಾಕಿದ ಮೇಲೆ ಅವರ ಪುಸ್ತಕದಲ್ಲಿ ನಿಮ್ಮ ಖಾತೆ ಸೊನ್ನೆ. ಮಾರ್ಚ್ ಹೊತ್ತಿಗೆ ಬ್ಯಾಲೆನ್ಸ್ ಕನ್ಫರ್ಮೇಶನ್ ಎಂಬ ಹಾಳೆ ಬರುತ್ತದೆ, ಕೆಳಗೆ ಸೀಲು-ಸಹಿಗೆ ಜಾಗ ಬಿಟ್ಟು. ಕಣ್ಣುಮುಚ್ಚಿ ಸಹಿ ಹಾಕಿದರೆ ಮೂರೂ ಮೇಲ್ ವ್ಯರ್ಥ. "ನಮ್ಮ ಪುಸ್ತಕದ ಪ್ರಕಾರ 23,502.40 ಬಾಕಿ, ವಿವರ ಲಗತ್ತಿಸಿದೆ" ಎಂದು ಬರೆದು, ಆಮೇಲೆ ಸೀಲು ಒತ್ತಿ.