ರಸ್ತೆ ಮುಚ್ಚಿದರೆ ದೂರ ಕಮ್ಮಿ ಆಗುತ್ತಾ?

ಕಬ್ಬಿನ ಲಾರಿಗಳಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುವವರು ಮಂಡ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ದೂರ ಲೆಕ್ಕ ಹಾಕಲು ಒಂದು ಸಾಫ್ಟ್‌ವೇರ್ ಮಾಡಿಸುತ್ತಾರೆ, ಅದನ್ನು ಪರೀಕ್ಷೆ ಮಾಡಿಕೊಡಿ ಎಂದು ನನ್ನ ಹತ್ತಿರ ಬರುತ್ತಾರೆ. ಬಂದವರು ಮೊದಲು ಮಾಡುವ ಕೆಲಸ ಒಂದೇ. ಜೇಬಿನಿಂದ ಫೋನ್ ತೆಗೆದು, ಮ್ಯಾಪ್ ತೋರಿಸಿ, “ಇದರಲ್ಲಿ 18.1 ಬರ್ತದೆ, ನಮ್ಮ ಸಾಫ್ಟ್‌ವೇರ್‌ನಲ್ಲಿ 18.4. ತಪ್ಪು ಅಲ್ವಾ ಸಾರ್?” ಎನ್ನುತ್ತಾರೆ.

ತಪ್ಪೂ ಇರಬಹುದು, ಇಲ್ಲದೆಯೂ ಇರಬಹುದು. ಫೋನಿನ ಮ್ಯಾಪ್ ಸಾಮಾನ್ಯವಾಗಿ ಬೇಗ ತಲುಪುವ ದಾರಿ ಹುಡುಕುತ್ತದೆ. ನಿಮ್ಮ ಒಪ್ಪಂದದಲ್ಲಿ ಇರುವುದು ಅತಿ ಕಡಿಮೆ ದೂರದ ದಾರಿ. ಎರಡರ ರಸ್ತೆ ಮಾಹಿತಿಯೂ ಬೇರೆ. ಹಾಗಾದರೆ ಸರಿಯಾದ ಉತ್ತರ ಎಷ್ಟು? ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಸಾವಿರಾರು ಹಳ್ಳಿಗಳ ಜೋಡಿಗೆ ಟೇಪ್ ಹಿಡಿದು ಅಳೆಯೋಕ್ಕಾಗಲ್ಲ.

ಇಂಥ ಕಡೆ ನಾವು ಬಳಸುವುದು ಮೆಟಮಾರ್ಫಿಕ್ ಟೆಸ್ಟಿಂಗ್. ಟಿ.ವೈ. ಚೆನ್ ಮತ್ತು ಜೊತೆಗಾರರು 1998ರಲ್ಲಿ ಮುಂದಿಟ್ಟ ವಿಧಾನ. ಒಂದು ಉತ್ತರ ಸರಿಯೇ ಎಂದು ಕೇಳುವುದಿಲ್ಲ. ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಮತ್ತೆ ಕೇಳುತ್ತೇವೆ. ಎರಡು ಉತ್ತರಗಳ ನಡುವೆ ಇರಲೇಬೇಕಾದ ಸಂಬಂಧ ಇದೆಯೇ ಎಂದಷ್ಟೇ ನೋಡುತ್ತೇವೆ. ಅದು ಮುರಿದರೆ ಎಲ್ಲೋ ದೋಷ ಇದೆ, ಯಾವ ಉತ್ತರ ತಪ್ಪು ಎಂದು ಗೊತ್ತಿಲ್ಲದಿದ್ದರೂ.

ನನಗೆ ಇಷ್ಟವಾದ ಸಂಬಂಧ ಇದು: ಒಂದು ರಸ್ತೆ ಮುಚ್ಚಿದರೆ ಅತಿ ಕಡಿಮೆ ದೂರ ಅಷ್ಟೇ ಇರಬಹುದು ಅಥವಾ ಜಾಸ್ತಿ ಆಗಬಹುದು. ಕಮ್ಮಿ ಆಗುವಂತಿಲ್ಲ. ಮುಚ್ಚಿದ ಮೇಲೆ ಸಿಕ್ಕ ದಾರಿ ಮುಚ್ಚುವ ಮೊದಲೂ ಅಲ್ಲೇ ಇತ್ತಲ್ಲ!

ಹೀಗೊಂದು ಕಡೆ ದೋಷ ಸಿಕ್ಕಿಬಿದ್ದದ್ದನ್ನು ಹೇಳುತ್ತೇನೆ. ಹಳ್ಳಿಯಿಂದ ಕಾರ್ಖಾನೆಗೆ ಎರಡು ದಾರಿ. ನಾಲೆ ಸೇತುವೆ ಮೇಲೆ ಹೋದರೆ 8 ಮತ್ತು 10.4, ಒಟ್ಟು 18.4 ಕಿ.ಮೀ. ಅರಳಿಕಟ್ಟೆ ಕಡೆಯಿಂದ 7 ಮತ್ತು 10.9, ಒಟ್ಟು 17.9. ಸಾಫ್ಟ್‌ವೇರ್ ಕೊಟ್ಟದ್ದು 18.4. ಆ ಅಂಕಿ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಸೇತುವೆ ರಸ್ತೆ ಮುಚ್ಚಿ ಮತ್ತೆ ಕೇಳಿದೆವು. 17.9! ಪಕ್ಕದಲ್ಲಿ ಕೂತಿದ್ದ ಲಾರಿ ಮಾಲೀಕರು, “ಏನ್ ಸಾ, ರಸ್ತೆ ಮುಚ್ಚುದ್ರೆ ದೂರ ಕಮ್ಮಿ ಆಯ್ತದಾ?” ಎಂದು ನಕ್ಕರು. ಅವರಿಗೆ ವಿಷಯ ಒಂದೇ ಏಟಿಗೆ ಹೊಳೆದಿತ್ತು. ಇಂಜಿನಿಯರುಗಳಿಗೆ ಹೇಳಿ ಒಪ್ಪಿಸೋಕೆ ಇನ್ನೂ ಹೊತ್ತು ಹಿಡಿಯಿತು.

ಕಾರಣ ಕೋಡ್‌ನಲ್ಲಿತ್ತು:

```
h = 1.4 * straight_line(node, goal)
```

ಈ ಸಾಫ್ಟ್‌ವೇರ್ ದಾರಿ ಹುಡುಕಲು ಬಳಸುವ ಎ-ಸ್ಟಾರ್ ವಿಧಾನ ಈವರೆಗೆ ಬಂದ ದೂರಕ್ಕೆ ಇನ್ನೂ ಎಷ್ಟಿದೆ ಎಂಬ ಅಂದಾಜು, ಅಂದರೆ h, ಸೇರಿಸಿ, ಮೊತ್ತ ಕಡಿಮೆ ಇರುವ ಕಡೆ ಮೊದಲು ಹುಡುಕುತ್ತದೆ. ಅಂದಾಜು ನಿಜವಾದ ದೂರಕ್ಕಿಂತ ಜಾಸ್ತಿ ಆಗದಿದ್ದರೆ ಮಾತ್ರ ಅತಿ ಕಡಿಮೆ ದೂರ ಸಿಗುವ ಖಾತ್ರಿ. ಹಳ್ಳಿ ರಸ್ತೆ ಸೊಟ್ಟ ಇರುತ್ತದೆ, ಹುಡುಕಾಟವೂ ಬೇಗ ಮುಗಿಯುತ್ತದೆ ಎಂದು ಯಾರೋ ನೇರ ಗೆರೆಯ ದೂರವನ್ನು 1.4ರಿಂದ ಗುಣಿಸಿದ್ದರು. ಅರಳಿಕಟ್ಟೆಯಿಂದ ಕಾರ್ಖಾನೆಗೆ ನೇರ ಗೆರೆ 10.2. ಗುಣಿಸಿದರೆ 14.28, ಬಂದ 7 ಸೇರಿಸಿದರೆ 21.28. ಅಷ್ಟರಲ್ಲಿ ಸೇತುವೆ ದಾರಿ 18.4ಕ್ಕೆ ಕಾರ್ಖಾನೆ ಮುಟ್ಟಿತ್ತು. ಅರಳಿಕಟ್ಟೆ ಕಡೆ ನೋಡದೆ ಹುಡುಕಾಟ ನಿಂತಿತು. ಗುಣಾಕಾರ ತೆಗೆದರೆ ಅಲ್ಲಿ ಮೊತ್ತ 17.2, ಹಾಗಾಗಿ ಅದನ್ನೂ ನೋಡುತ್ತದೆ, 17.9 ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಸಾಫ್ಟ್‌ವೇರ್ ಬೇಗ ತಲುಪುವ ದಾರಿ ಹುಡುಕುತ್ತಿದ್ದರೆ ಈ ಪರೀಕ್ಷೆಯಲ್ಲಿ ದೂರವನ್ನು ಹೋಲಿಸಬೇಡಿ. ಹೆದ್ದಾರಿ ಮುಚ್ಚಿದಾಗ ನಿಧಾನದ ಒಳರಸ್ತೆ ಸಿಕ್ಕಿ ದೂರ ಕಮ್ಮಿ ಆಗುವುದು ಸಹಜ. ಆಗ ಸಮಯ ಕಮ್ಮಿ ಆಗುವಂತಿಲ್ಲ ಎಂದು ನೋಡಬೇಕು.

ಹೋಗುವ ದೂರ, ಬರುವ ದೂರ ಒಂದೇ ಇರಬೇಕು ಎಂದು ಹಟ ಹಿಡಿಯುವವರೂ ಇದ್ದಾರೆ. ಸ್ವಾಮಿ, ಮೈಸೂರಿನಲ್ಲಿ ಒನ್‌ವೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೇಕಾದ ಕಡೆ ತಿರುಗಲು ಆಗಲ್ಲ. ಹಾಗೆ ಪರೀಕ್ಷಿಸಲೇಬೇಕು ಎಂದರೆ ನಕ್ಷೆಯ ಎಲ್ಲ ರಸ್ತೆಗಳ ದಿಕ್ಕನ್ನೂ, ತಿರುವಿನ ನಿರ್ಬಂಧಗಳನ್ನೂ ತಿರುಗಿಸಿ. ಆಗ ದೂರ ಅಷ್ಟೇ ಬರಬೇಕು. ಪರೀಕ್ಷೆ ಮೀಟರ್‌ನಲ್ಲಿ ಇರಲಿ. ದಶಮಾಂಶ ಒಂದಕ್ಕೆ ಇಳಿಸಿದ ಮೇಲೆ ಹೋಲಿಸಿದರೆ ಇಲ್ಲದ ದೋಷ ಕಾಣುತ್ತದೆ: ಒಂದೇ ದಾರಿಯ ಎರಡು ತುಂಡುಗಳಾದ 12.34 ಮತ್ತು 5.64 ಬಿಡಿಯಾಗಿ ಇಳಿಸಿ ಕೂಡಿದರೆ 17.9, ಕೂಡಿ ಇಳಿಸಿದರೆ 18.0.

ಇಷ್ಟೆಲ್ಲ ಪಾಸಾದರೂ ಎಲ್ಲ ಸರಿ ಎಂದು ನಾನು ಬರೆದುಕೊಡುವುದಿಲ್ಲ. ಮೈಲಿಯನ್ನು ಕಿಲೋಮೀಟರ್ ಎಂದು ತೋರಿಸಿದರೂ ಈ ಸಂಬಂಧಗಳೆಲ್ಲ ಉಳಿಯುತ್ತವೆ, ಏಕೆಂದರೆ ಎಲ್ಲ ದೂರವೂ ಒಂದೇ ಪ್ರಮಾಣದಲ್ಲಿ ತಪ್ಪಿರುತ್ತದೆ. ಅದಕ್ಕೇ ಹೆದ್ದಾರಿಯಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವಿನ ದೂರವನ್ನು ಒಮ್ಮೆ ಸಾಫ್ಟ್‌ವೇರ್‌ಗೆ ಕೇಳಿ ನೋಡುತ್ತೇನೆ.