ಕ್ಲಾಸ್ ಫೋಟೋದಲ್ಲಿ ಕಲರ್ ಡ್ರೆಸ್ ತೆಗೆದು ಯೂನಿಫಾರ್ಮ್ ಹಾಕುವುದು: ಬಣ್ಣ ಹೊಂದಿಸುವ ಟಿಪ್ಪಣಿ

ಫೋಟೋ ತೆಗೆಯುವ ದಿನವೇ ಯಾರದ್ದಾದರೂ ಹುಟ್ಟುಹಬ್ಬ ಇರುತ್ತದೆ, ಮಗು ಕಲರ್ ಡ್ರೆಸ್‌ನಲ್ಲಿ ಬಂದಿರುತ್ತದೆ. ಅದನ್ನು ಫೋಟೋಶಾಪ್‌ನಲ್ಲಿ ಯೂನಿಫಾರ್ಮ್ ಮಾಡುವಾಗ ಶರ್ಟ್ ಕೂರಿಸುವುದಕ್ಕಿಂತ ಬಣ್ಣ ಹೊಂದಿಸುವುದೇ ಕಷ್ಟ, ಅದಕ್ಕೇ ಈ ಟಿಪ್ಪಣಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಸಾಲು ಮಕ್ಕಳು, ಎಲ್ಲರದ್ದೂ ಆಕಾಶನೀಲಿ ಶರ್ಟ್. ಎರಡನೇ ಸಾಲಿನ ಬಲಗಡೆ ಒಬ್ಬ ಹುಡುಗ ಕೆಂಪು ಟೀ ಶರ್ಟ್‌ನಲ್ಲಿ ನಿಂತಿದ್ದಾನೆ. ಕೆಂಪನ್ನೇ ನೀಲಿ ಮಾಡಲು Hue ಎಳೆದರೆ ಕೆಲಸ ಆಗುವುದಿಲ್ಲ. ಕಡು ಬಣ್ಣ ತಿಳಿಯಾಗುವಾಗ ಮಡಿಕೆಗಳೆಲ್ಲ ಕೊಳಕಾಗಿ ಕಾಣುತ್ತವೆ, ಜೊತೆಗೆ ಟೀ ಶರ್ಟ್‌ಗೆ ಕಾಲರ್ರೇ ಇಲ್ಲ ಅಲ್ವಾ. ಹಾಗಾಗಿ ಅದೇ ಫೋಟೋದ ಇನ್ನೊಬ್ಬ ಹುಡುಗನ ಶರ್ಟ್ ತೆಗೆದುಕೊಳ್ಳಬೇಕು. ಅದೇ ಸಾಲು, ಅದೇ ಭಾಗ, ಅದೇ ದಿಕ್ಕಿಗೆ ತಿರುಗಿದ ಭುಜ ಇದ್ದವನು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಶರ್ಟನ್ನು ಸೆಲೆಕ್ಟ್ ಮಾಡಿ Ctrl+J, ಆಮೇಲೆ Warp. ಸುಮ್ನೆ ಫ್ಲಿಪ್ ಮಾಡಬೇಡಿ: ಜೇಬು ಬಲಕ್ಕೆ ಹೋಗುತ್ತದೆ, ಬೆಳಕೂ ಉಲ್ಟಾ ಬೀಳುತ್ತದೆ. ಮಗುವಿನ ಭುಜದ ಅಗಲ ಇದ್ದಂತೆಯೇ ಇರಲಿ. ಶರ್ಟ್ ಅವನ ಮೈಗೆ ಹೊಂದಬೇಕೇ ಹೊರತು ಅವನ ಮೈ ಶರ್ಟ್‌ಗಲ್ಲ.

ಈಗ ಬಣ್ಣ. ಯೂನಿಫಾರ್ಮ್‌ನ ಕಲರ್ ಕೋಡ್ ಎಷ್ಟು ಎಂದು ತುಂಬಾ ಜನ ಹುಡುಕುತ್ತಾರೆ. ಹಾಗೆ ಒಂದು ಕೋಡ್ ಇರುವುದಿಲ್ಲ. ಒಂದೇ ಥಾನಿನ ಬಟ್ಟೆಯಾದರೂ ಫೋಟೋದ ನಡುವೆ ಬೆಳ್ಳಗೆ, ಅಂಚಿನಲ್ಲಿ ಸ್ವಲ್ಪ ಕಪ್ಪಾಗಿ ಕಾಣುತ್ತದೆ, ಹಿಂದಿನ ಸಾಲಿಗೆ ಮರದ ನೆರಳು ಬಿದ್ದಿರಬಹುದು, ಕೆಲವು ಶರ್ಟ್ ಒಗೆದು ಒಗೆದು ಮಾಸಿರುತ್ತವೆ. ಆದ್ದರಿಂದ ನಮ್ಮ ಗುರಿ ಒಂದು ಕೋಡ್ ಅಲ್ಲ, ಆ ಹುಡುಗನ ಎಡಬಲದಲ್ಲಿ ನಿಂತವರ ಶರ್ಟ್.

Color Sampler Tool ತೆಗೆದುಕೊಂಡು Sample Size ಅನ್ನು 11 by 11 Average ಇಡಿ, ಇಲ್ಲದಿದ್ದರೆ ಬಟ್ಟೆಯ ನೂಲು, ನಾಯ್ಸ್ ಎಲ್ಲ ಸೇರಿ ಅಳತೆ ಕುಣಿಯುತ್ತದೆ. ಎಡಗಡೆಯವನ ಎದೆ, ಬಲಗಡೆಯವನ ಎದೆ, ಹೊಸ ಶರ್ಟಿನ ಎದೆ, ಮೂರು ಕಡೆ ಮಡಿಕೆ ಇಲ್ಲದ ಜಾಗ ನೋಡಿ ಒಂದೊಂದು ಗುರುತು ಹಾಕಿ. Info ಪ್ಯಾನೆಲ್‌ನಲ್ಲಿ ಓದುವುದನ್ನು Lab ಗೆ ಬದಲಿಸಿ. ಇಲ್ಲಿ L ಎಂದರೆ ಬೆಳಕು, a ಎಂದರೆ ಹಸಿರಿನಿಂದ ಗುಲಾಬಿ ಕಡೆಗೆ, b ಎಂದರೆ ನೀಲಿಯಿಂದ ಹಳದಿ ಕಡೆಗೆ. ಪಕ್ಕದವರಿಬ್ಬರಲ್ಲಿ L 68 ಮತ್ತು 66, a ಸುಮಾರು -5, b ಸುಮಾರು -19 ಬಂತು ಎನ್ನೋಣ. ಸಾಲಿನ ನಡುವಿನಿಂದ ತಂದ ಶರ್ಟ್ 74, -6, -23 ತೋರಿಸುತ್ತಿದೆ. ಅಂದರೆ ಅದು ಬೆಳಕು ಜಾಸ್ತಿ, ನೀಲಿಯೂ ಜಾಸ್ತಿ. ಶರ್ಟ್ ಲೇಯರ್ ಮೇಲೆ ಒಂದು Curves ಹಾಕಿ, Ctrl+Alt+G ಒತ್ತಿ ಆ ಶರ್ಟ್‌ಗೆ ಮಾತ್ರ ಕಟ್ಟಿಹಾಕಿ. ಮೊದಲು RGB ಗೆರೆಯ ನಡುವನ್ನು ಕೆಳಗೆಳೆದು L ಅನ್ನು 67ಕ್ಕೆ ತನ್ನಿ, ಆಮೇಲೆ Blue ಗೆರೆಯನ್ನು ಸ್ವಲ್ಪ ಇಳಿಸಿ. Blue ಇಳಿಸಿದಾಗ L ಕೂಡ ತುಸು ಅಲುಗುತ್ತದೆ, a ಹಸಿರಿನ ಕಡೆಗೆ ಜಾರುತ್ತದೆ. ಜಾರಿದರೆ Red ಗೆರೆಯನ್ನು ತುಸು ಏರಿಸಿ, ಮತ್ತೆ ನೋಡಿ. a, b ಎರಡೂ ಪಕ್ಕದವರಿಗಿಂತ 2ರೊಳಗೆ ಬಂದರೆ ಸಾಕು, ಅದಕ್ಕಿಂತ ಹೆಚ್ಚು ತಿದ್ದುವುದು ವ್ಯರ್ಥ.

ಸಂಖ್ಯೆ ಸರಿಹೋದರೂ ಅಂಟಿಸಿದ ಹಾಗೆ ಕಂಡರೆ ಗಲ್ಲದ ಕೆಳಗೆ ನೋಡಿ. ಕೆಂಪು ಟೀ ಶರ್ಟ್ ತನ್ನ ಬಣ್ಣವನ್ನು ಹುಡುಗನ ಕುತ್ತಿಗೆಗೆ, ಪಕ್ಕದವನ ತೋಳಿಗೂ ಚೆಲ್ಲಿರುತ್ತದೆ. ನೀಲಿ ಶರ್ಟ್ ಮೇಲೆ ಕೆಂಪು ಕುತ್ತಿಗೆ ಕಂಡರೆ ನೋಡುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಯಾಕೆ ಎಂದು ಗೊತ್ತಾಗುವುದಿಲ್ಲ. ಹೊಸ ಲೇಯರ್ ಮಾಡಿ ಮೋಡ್ Color ಗೆ ಇಟ್ಟು, ಅವನದ್ದೇ ಕೆನ್ನೆಯ ಬಣ್ಣ ತೆಗೆದುಕೊಂಡು ಮೆತ್ತನೆ ಬ್ರಷ್‌ನಿಂದ ತೆಳುವಾಗಿ ಬಳಿಯಿರಿ. ಬೆಳಕು ನೆರಳು ಹಾಗೇ ಉಳಿದು ಕೆಂಪು ಮಾತ್ರ ಇಳಿಯುತ್ತದೆ. ಪಕ್ಕದ ತೋಳಿಗೆ ಅವನ ಶರ್ಟಿನದ್ದೇ ನೀಲಿ. ಕಾಲರ್ ಮೇಲೆ ಗಲ್ಲದ ನೆರಳು ಬೇರೆ ಬೇಕು: Multiply ಲೇಯರ್‌ನಲ್ಲಿ, ಪಕ್ಕದವನ ಕಾಲರ್ ನೆರಳಿನಿಂದಲೇ ಬಣ್ಣ ತೆಗೆದು ಸ್ವಲ್ಪ ಸ್ವಲ್ಪವೇ ಹಾಕಿ.

ಪರೀಕ್ಷೆ ಹೀಗೆ. ಎಲ್ಲದರ ಮೇಲೆ ಒಂದು Hue/Saturation ಇಟ್ಟು Saturation ಅನ್ನು +80 ಮಾಡಿ. ಬಣ್ಣ ತಪ್ಪಿದ ಶರ್ಟ್ ತಕ್ಷಣ ಎದ್ದು ಕಾಣುತ್ತದೆ. ಅದನ್ನೇ -100 ಮಾಡಿದರೆ ಬೆಳಕಿನ ತಪ್ಪು ಕಾಣುತ್ತದೆ. ನೋಡಿಯಾದ ಮೇಲೆ ಆ ಲೇಯರ್ ಅಳಿಸಲು ಮರೆಯಬೇಡಿ.

ಈ ಪರೀಕ್ಷೆಯಲ್ಲಿ ಬೇರೆ ಮಕ್ಕಳ ಮಾಸಿದ ಶರ್ಟ್‌ಗಳೂ ಕಾಣುತ್ತವೆ. ಅವನ್ನೂ ಸರಿ ಮಾಡಿ ಎಂದು ಶಾಲೆಯವರು ಕೇಳಿದರೆ ಬಟ್ಟೆ ಬದಲಿಸುವುದು ಬೇಡ. ಅದೇ Curves ದಾರಿಯಲ್ಲಿ, ಪಕ್ಕದವರ ಬಣ್ಣದ ಕಡೆಗೆ ಅರ್ಧದಷ್ಟು ಮಾತ್ರ ತಳ್ಳಿ. ಪೂರ್ತಿ ಹೊಂದಿಸಿದರೆ ಎಲ್ಲರಿಗೂ ಒಂದೇ ಡಬ್ಬದ ಬಣ್ಣ ಬಳಿದಂತಾಗಿ, ನಿಜವಾಗಿ ಯೂನಿಫಾರ್ಮ್ ಹಾಕಿ ಬಂದವರದ್ದೂ ನಕಲಿಯಂತೆ ಕಾಣುತ್ತದೆ.