ಎರಡು ದಿನ ಸುಮ್ಮನಿದ್ದ ಮಾತ್ರಕ್ಕೆ ಕಂಪ್ಯೂಟರ್ ಸರಿಹೋಯಿತು ಅನ್ನಬಹುದಾ?

ಓದುಗರ ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಲಸದ ಮಧ್ಯೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಮೂರು ದಿನಕ್ಕೊಮ್ಮೆ ಹೀಗಾಗುತ್ತದೆ ಅನ್ನಬಹುದು. ರಿಪೇರಿಗೆ ಕೊಟ್ಟರೆ ಅಲ್ಲಿ ಇಡೀ ದಿನ ಸರಿಯಾಗಿ ಓಡುತ್ತದೆ. ಒಂದು ಭಾನುವಾರ ಕೂತು ರ‍್ಯಾಮ್ ಬದಲಿಸಿದೆ, ಧೂಳು ತೆಗೆದೆ, ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಆರು ದಿನ ಚೆನ್ನಾಗಿತ್ತು. ಏಳನೇ ದಿನ ಮತ್ತೆ ಅದೇ ಕಥೆ. ಇಂಥ ದೋಷವನ್ನು ಹಿಡಿಯುವುದು ಹೇಗೆ?

ಉತ್ತರ: ಮೊದಲು ಆ ಆರು ದಿನದ ವಿಷಯಕ್ಕೆ ಬರೋಣ, ದಾರಿ ತಪ್ಪಿದ್ದು ಅಲ್ಲೇ. ಪೂರ್ತಿ ಕೆಟ್ಟ ಯಂತ್ರದಲ್ಲಿ ಒಂದು ಭಾಗ ಬದಲಿಸಿದರೆ ಉತ್ತರ ತಕ್ಷಣ ಸಿಗುತ್ತದೆ. ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಬಂದು ಹೋಗುವ ದೋಷ ಹಾಗಲ್ಲ. ದೋಷ ಕಾಣಿಸಿಕೊಂಡರೆ ‘ಇನ್ನೂ ಇದೆ’ ಅಂತ ಖಚಿತವಾಗಿ ಹೇಳಬಹುದು. ಕಾಣಿಸದಿದ್ದರೆ ಅದು ಹೋಗಿದೆಯೋ, ಇನ್ನೂ ಬಂದಿಲ್ಲವೋ ಗೊತ್ತಾಗುವುದಿಲ್ಲ.

ಇದಕ್ಕೊಂದು ಸರಳ ಲೆಕ್ಕ ಇದೆ. ದೋಷ ಯಾವಾಗ ಬೇಕಾದರೂ ಬರಬಹುದು, ಆದರೆ ಸರಾಸರಿ ಮೂರು ದಿನಕ್ಕೊಮ್ಮೆ ಬರುತ್ತದೆ ಅಂದುಕೊಳ್ಳಿ. ನೀವು ಏನನ್ನೂ ಸರಿ ಮಾಡದಿದ್ದರೂ ಅದು ಮೂರು ದಿನ ಸುಮ್ಮನಿರುವ ಸಾಧ್ಯತೆ ನೂರಕ್ಕೆ 37. ಆರು ದಿನ ಸುಮ್ಮನಿರುವ ಸಾಧ್ಯತೆ ನೂರಕ್ಕೆ 14 ಇರುತ್ತದೆ. ಒಂಬತ್ತು ದಿನಕ್ಕೆ ಅದು ನೂರಕ್ಕೆ 5ಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ಆರು ದಿನದ ನೆಮ್ಮದಿ ಬರೀ ಕಾಕತಾಳೀಯ ಆಗಿರುವುದಕ್ಕೆ ಸಾಕಷ್ಟು ಅವಕಾಶ ಇತ್ತು. ನಾನು ಪಾಲಿಸುವ ನಿಯಮ ಇಷ್ಟು: ದೋಷದ ಸರಾಸರಿ ಅಂತರದ ಮೂರು ಪಟ್ಟು ಕಾಲ ಸುಮ್ಮನಿರುವವರೆಗೆ ‘ಸರಿಯಾಯಿತು’ ಅನ್ನುವುದಿಲ್ಲ.

ಆದರೆ ಹಾಗೆ ನೋಡಿದರೆ ಒಂದೊಂದು ಬದಲಾವಣೆಗೂ ಒಂಬತ್ತು ದಿನ ಕಾಯಬೇಕು. ಐದು ಭಾಗ ಪರೀಕ್ಷಿಸುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿರುತ್ತದೆ. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಅದಕ್ಕೇ ಜನ ಒಂದೇ ದಿನ ಮೂರು ಬದಲಾವಣೆ ಮಾಡಿಬಿಡುತ್ತಾರೆ. ಹಾಗಾಗಿ ಭಾಗ ಬದಲಿಸುವುದು ಮೊದಲ ಕೆಲಸ ಅಲ್ಲ. ಮೂರು ದಿನಕ್ಕೊಮ್ಮೆ ಬರುವ ದೋಷವನ್ನು ನಿಮಿಷಗಳಲ್ಲಿ ಬರುವ ಹಾಗೆ ಮಾಡುವುದೇ ಮೊದಲ ಕೆಲಸ.

ಕಳೆದ ವರ್ಷ ನನ್ನ ಕಂಪ್ಯೂಟರ್‌ಗೂ ಹೆಚ್ಚುಕಡಿಮೆ ಇದೇ ಕಾಟ ಇತ್ತು. ಅದನ್ನು ಹಿಡಿದ ಬಗೆಯನ್ನೇ ಹೇಳುತ್ತೇನೆ.

ಎರಡು ವಾರ ಯಾವುದನ್ನೂ ಮುಟ್ಟದೆ ಬರೀ ಬರೆದಿಟ್ಟೆ. ಎಷ್ಟು ಗಂಟೆಗೆ ರೀಸ್ಟಾರ್ಟ್ ಆಯಿತು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಆ ಕ್ಷಣ ಏನು ಮಾಡುತ್ತಿದ್ದೆ, ಪರದೆಯಲ್ಲಿ ಏನು ಕಂಡಿತು. ಐದು ಸಲ ಆಯಿತು. ಐದು ಸಲವೂ ಪರದೆ ಒಮ್ಮೆಲೇ ಕಪ್ಪಾಯಿತು, ವಿಂಡೋಸ್ ದೋಷ ತೋರಿಸುವ ನೀಲಿ ಪರದೆ ಬರಲಿಲ್ಲ. ವಿಂಡೋಸ್‌ನ Event Viewer ತೆರೆದು ನೋಡಿದರೆ ಪ್ರತಿ ಸಲವೂ Kernel-Power, Event ID 41 ಅಂತ ಇತ್ತು. ಅದನ್ನೇ ಕಾರಣ ಅಂದುಕೊಳ್ಳುವವರು ಜಾಸ್ತಿ. ಆದರೆ ‘ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಎಂಬುದಷ್ಟೇ ಅದರ ಅರ್ಥ. ಅದರ ವಿವರಗಳಲ್ಲಿರುವ BugcheckCode ಎಂಬ ದೋಷದ ಸಂಖ್ಯೆ ಮಾತ್ರ ಕೆಲಸಕ್ಕೆ ಬಂತು. ಅದು ಸೊನ್ನೆ ಇತ್ತು. ಅಂದರೆ ಏನಾಯಿತು ಅಂತ ದಾಖಲಿಸಲೂ ವಿಂಡೋಸ್‌ಗೆ ಸಮಯ ಸಿಕ್ಕಿರಲಿಲ್ಲ.

ಪಟ್ಟಿ ನೋಡಿದಾಗ ಇನ್ನೊಂದು ಹೋಲಿಕೆ ಕಂಡಿತು. ಐದರಲ್ಲಿ ನಾಲ್ಕು ಸಲ, ಹಗುರ ಕೆಲಸದಿಂದ ಭಾರದ ಕೆಲಸಕ್ಕೆ ಹೋದ ಕೂಡಲೇ ಕಂಪ್ಯೂಟರ್ ಬಿದ್ದಿತ್ತು, ಅಂದರೆ ರೀಸ್ಟಾರ್ಟ್ ಆಗಿತ್ತು. ಗಂಟೆಗಟ್ಟಲೆ ವಿಡಿಯೋ ಪರಿವರ್ತನೆ ಮಾಡಿದಾಗ ಏನೂ ಆಗಿರಲಿಲ್ಲ. ಶುರು ಮಾಡಿದ ಮೊದಲ ಕೆಲವು ಸೆಕೆಂಡುಗಳಲ್ಲೇ ಬೀಳುತ್ತಿತ್ತು. ಆದ್ದರಿಂದ ಭಾರಕ್ಕಿಂತ, ಭಾರ ದಿಢೀರನೆ ಏರುವುದೇ ದೋಷವನ್ನು ಎಬ್ಬಿಸುತ್ತಿದೆ ಅನ್ನಿಸಿತು. ರಿಪೇರಿಯವರು ಇಡೀ ದಿನ ಒಂದೇ ಸಮ ಓಡಿಸಿದರೆ ಇಂಥದ್ದು ಸಿಗುವುದಿಲ್ಲ, ಅಲ್ವಾ?

ಹಾಗಾಗಿ ಆ ಏರಿಳಿತವನ್ನೇ ಪದೇಪದೇ ಮಾಡಿಸುವ ಪರೀಕ್ಷೆ ಕಟ್ಟಿದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಇನ್ನೊಂದು ಪೆನ್‌ಡ್ರೈವ್ ಅನ್ನು `/mnt` ಗೆ ಜೋಡಿಸಿ, ಇದನ್ನು ಓಡಿಸಿದೆ:

```
while true; do
  date >> /mnt/log.txt
  sync
  stress-ng --cpu 0 --timeout 20s
  sleep 20
done
```

20 ಸೆಕೆಂಡು ಪ್ರೊಸೆಸರ್‌ನ ಎಲ್ಲ ಕೋರ್‌ಗಳಿಗೂ ಪೂರ್ತಿ ಕೆಲಸ, 20 ಸೆಕೆಂಡು ವಿರಾಮ. ಪ್ರತಿ ಸುತ್ತಿಗೂ ಮುಂಚೆ ಸಮಯ ಬರೆದು, `sync` ಮೂಲಕ ಅದು ಪೆನ್‌ಡ್ರೈವ್‌ಗೆ ಇಳಿಯುವಂತೆ ಮಾಡಿದ್ದೇನೆ. ಯಂತ್ರ ಬಿದ್ದಾಗ ಕೊನೆಯ ಸಾಲು ಉಳಿಯಬೇಕಲ್ಲ. ಮುಂದೆ ಐದು ಸಲ ಓಡಿಸಿ ಬಿಟ್ಟೆ. 7, 15, 11, 4 ಮತ್ತು 23ನೇ ನಿಮಿಷಕ್ಕೆ ಬಿತ್ತು. ಸರಾಸರಿ 12 ನಿಮಿಷ. ಮೂರು ದಿನದ ಕಾಯುವಿಕೆ ಹನ್ನೆರಡು ನಿಮಿಷಕ್ಕೆ ಇಳಿಯಿತು. ಅದು ಲಿನಕ್ಸ್‌ನಲ್ಲೂ ಬಿದ್ದದ್ದರಿಂದ ವಿಂಡೋಸ್ ಮತ್ತು ಅದರ ಡ್ರೈವರ್‌ಗಳ ಮೇಲಿನ ಅನುಮಾನವೂ ಹೋಯಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯಂತ್ರಕ್ಕೆ ಒತ್ತಡ ಕೊಟ್ಟಾಗ ಹೊಸದೇ ಒಂದು ದೋಷ ಹುಟ್ಟಬಹುದು. ಪ್ರೊಸೆಸರ್ ಅತಿಯಾಗಿ ಬಿಸಿಯಾದರೂ ಕಂಪ್ಯೂಟರ್ ಆಫ್ ಆಗುತ್ತದೆ. ಅದನ್ನು ಬೆನ್ನಟ್ಟಿ ಹೋದರೆ ಬೇರೆಯೇ ಊರು ಸೇರುತ್ತೇವೆ. ಅದಕ್ಕಾಗಿ ಉಷ್ಣತೆ ನೋಡಿಕೊಂಡೆ, ಅದು ಮಿತಿಯಲ್ಲೇ ಇತ್ತು. ಬೀಳುವ ರೀತಿಯೂ ಮೊದಲಿನಂತೆಯೇ ಇತ್ತು: ಒಮ್ಮೆಲೇ ಕಪ್ಪು, ಆಮೇಲೆ ರೀಸ್ಟಾರ್ಟ್. ಇದಾದ ಮೇಲೇ ಪರೀಕ್ಷೆಯನ್ನು ನಂಬಿದೆ. ಇನ್ನೊಂದು ವಿಷಯ, ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯುವುದೂ ಒಂದು ಬದಲಾವಣೆಯೇ. ಒಳಗಿನ ಬಿಸಿ ಇಳಿಯುತ್ತದೆ. ನಾನು ಮೇಲಿನ ಐದು ಓಟಗಳಿಗೂ ಮುಚ್ಚಳ ತೆಗೆದೇ ಇಟ್ಟಿದ್ದೆ.

ಈಗ ಒಂದೊಂದೇ ಬದಲಾವಣೆ ಶುರು. ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ತೆಗೆದೆ. 9ನೇ ನಿಮಿಷಕ್ಕೆ ಬಿತ್ತು. ಅದನ್ನು ವಾಪಸ್ ಹಾಕಿ ಇನ್ನೊಂದನ್ನು ತೆಗೆದೆ. 16ನೇ ನಿಮಿಷಕ್ಕೆ ಬಿತ್ತು. ರ‍್ಯಾಮ್ ಮೇಲೆ ಅನುಮಾನ ಇಲ್ಲವಾಯಿತು. ಎರಡನ್ನೂ ಮೊದಲಿನಂತೆ ಹಾಕಿ ಮುಂದಿನದಕ್ಕೆ ಹೋದೆ. ಹಾಗೆ ಹಿಂದಿನ ಸ್ಥಿತಿಗೆ ತರದಿದ್ದರೆ ಮೂರನೇ ಹೆಜ್ಜೆಯ ಹೊತ್ತಿಗೆ ಮೂರು ಬದಲಾವಣೆ ಸೇರಿಕೊಂಡಿರುತ್ತವೆ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ಗೋಡೆಯ ಸಾಕೆಟ್‌ಗೆ ನೇರವಾಗಿ ಕೊಟ್ಟೆ. 6ನೇ ನಿಮಿಷಕ್ಕೆ ಬಿತ್ತು.

ಆಮೇಲೆ ಸ್ನೇಹಿತರ ಹತ್ತಿರ ಚೆನ್ನಾಗಿ ಓಡುತ್ತಿದ್ದ, ಕಂಪ್ಯೂಟರ್‌ನ ಭಾಗಗಳಿಗೆ ಕರೆಂಟ್ ಕೊಡುವ ಒಂದು ಎಸ್‌ಎಂಪಿಎಸ್ ತಂದು, ಅದರದೇ ಕೇಬಲ್‌ಗಳ ಜೊತೆ ಹಾಕಿದೆ. ಬೇರೆ ಮಾಡೆಲ್‌ನ ಬಿಚ್ಚಿ ಹಾಕುವ ಕೇಬಲ್‌ಗಳನ್ನು ಅದಲುಬದಲು ಮಾಡಲೇಬೇಡಿ. ಪ್ಲಗ್ ಒಂದೇ ಥರ ಕಂಡರೂ ತಂತಿಗಳ ಜಾಗ ಬೇರೆ ಇರಬಹುದು, ಮದರ್‌ಬೋರ್ಡ್ ಸುಟ್ಟುಹೋಗಬಹುದು. ಈ ಸಲ 60 ನಿಮಿಷ ಓಡಿತು, ಬೀಳಲಿಲ್ಲ. ಅದು ಸರಾಸರಿಯ ಐದು ಪಟ್ಟು. ಕಾಕತಾಳೀಯವಾಗಿ ಇಷ್ಟು ಹೊತ್ತು ಸುಮ್ಮನಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ.

ಹಾಗಾದರೆ ಹಳೇ ಎಸ್‌ಎಂಪಿಎಸ್ ಕೆಟ್ಟಿದೆ ಅಂತಲೇ? ಬಹಳ ಜನ ಇಲ್ಲಿಗೆ ನಿಲ್ಲಿಸಿ ಹೊಸದು ಕೊಳ್ಳುತ್ತಾರೆ. ಆದರೆ ಎಸ್‌ಎಂಪಿಎಸ್ ಬದಲಿಸುವುದು ಒಂದೇ ಬದಲಾವಣೆ ಅಲ್ಲ. ಅದರ ಜೊತೆ ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ ಮತ್ತೆ ಒತ್ತಿರುತ್ತೇವೆ. ಕೇಬಲ್ ಬೇರೆಯಾಗಿರುತ್ತದೆ, ಅದು ಹಾದುಹೋಗುವ ದಾರಿಯೂ ಬೇರೆ. ರ‍್ಯಾಮ್ ಬದಲಿಸಿದಾಗಲೂ ಹೀಗೆಯೇ ಆಗುತ್ತದೆ. ಸ್ಲಾಟ್‌ನಲ್ಲಿ ಕೂತಿದ್ದ ಕೊಳೆ ಉಜ್ಜಿಹೋಗಿ ಕಾಂಟ್ಯಾಕ್ಟ್ ಸರಿಯಾಗುತ್ತದೆ, ಹೆಸರು ಮಾತ್ರ ಹೊಸ ರ‍್ಯಾಮ್‌ಗೆ ಬರುತ್ತದೆ. ಇದನ್ನು ಬಿಡಿಸುವ ದಾರಿ ಒಂದೇ: ಹಳೇ ಭಾಗವನ್ನು ವಾಪಸ್ ಹಾಕಿ ನೋಡುವುದು. ಸರಿಹೋದ ಯಂತ್ರವನ್ನು ಮತ್ತೆ ಕೆಡಿಸಲು ಮನಸ್ಸು ಬರುವುದಿಲ್ಲ. ಆದರೂ ಈ ಹೆಜ್ಜೆ ಬಿಡಬೇಡಿ.

ಹಳೆಯದನ್ನು ವಾಪಸ್ ಹಾಕಿದೆ. 60 ನಿಮಿಷ ಓಡಿತು, ಬೀಳಲಿಲ್ಲ!

ಎಸ್‌ಎಂಪಿಎಸ್ ತಪ್ಪಿಲ್ಲ ಅಂತ ಆಯಿತು. ಮೊದಲಿಗೂ ಈಗಿಗೂ ಏನು ವ್ಯತ್ಯಾಸ ಅಂತ ಹುಡುಕಿದೆ. ಒಂದು ಸಿಕ್ಕಿತು. ಪ್ರೊಸೆಸರ್‌ಗೆ ಕರೆಂಟ್ ಕೊಡುವ ನಾಲ್ಕು ಪಿನ್‌ನ ಕೇಬಲ್ ಮೊದಲು ಮದರ್‌ಬೋರ್ಡ್‌ನ ಹಿಂದಿನಿಂದ ಬಿಗಿಯಾಗಿ ಬಂದಿತ್ತು. ಈಗ ಮುಂದಿನಿಂದ ಸಡಿಲವಾಗಿ ಬಿಟ್ಟಿದ್ದೆ. ಬೇರೇನೂ ಮುಟ್ಟದೆ ಅದೊಂದನ್ನೇ ಹಿಂದಿನ ದಾರಿಯಲ್ಲಿ ಬಿಗಿಯಾಗಿ ತಂದೆ. 8ನೇ ನಿಮಿಷಕ್ಕೆ ಬಿತ್ತು. ಸಡಿಲ ಬಿಟ್ಟೆ, 60 ನಿಮಿಷ ನಿಂತಿತು. ಮತ್ತೆ ಬಿಗಿ ಮಾಡಿದೆ, 14ನೇ ನಿಮಿಷಕ್ಕೆ ಬಿತ್ತು. ಬೇಕೆಂದಾಗ ಬರಿಸಿ, ಬೇಕೆಂದಾಗ ನಿಲ್ಲಿಸಲು ಆದಾಗ ಮಾತ್ರ ಕಾರಣ ಸಿಕ್ಕಿತು ಅಂತ ನನಗೆ ಸಮಾಧಾನ. ಇದನ್ನು ಎರಡಕ್ಕಿಂತ ಹೆಚ್ಚು ಸಲ ಮಾಡಲಿಲ್ಲ. ಲೂಸ್ ಕಾಂಟ್ಯಾಕ್ಟ್‌ನಲ್ಲಿ ಜಾಸ್ತಿ ಕರೆಂಟ್ ಹರಿದರೆ ಪ್ಲಗ್ ಬಿಸಿಯಾಗಿ ಕರಗಬಹುದು.

ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಅದನ್ನು ಹಿಡಿದಿಡಬೇಕಾದ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ಕೇಬಲ್ ಎಳೆದಾಗ ಪ್ಲಗ್ ಸ್ವಲ್ಪ ಮೇಲೆದ್ದು ಓರೆಯಾಗುತ್ತಿತ್ತು. ಅಷ್ಟಕ್ಕೇ ಕಂಪ್ಯೂಟರ್ ಯಾಕೆ ಬೀಳಬೇಕು? ಹಾಗೆ ಓರೆಯಾದ ಕಾಂಟ್ಯಾಕ್ಟ್‌ನಲ್ಲಿ 0.1 ಓಮ್ ತಡೆ ಇದೆ ಅಂದುಕೊಳ್ಳಿ. ಹಗುರ ಕೆಲಸದಲ್ಲಿ 1 ಆಂಪಿಯರ್ ಹರಿದರೆ 0.1 ವೋಲ್ಟ್ ಮಾತ್ರ ಕಡಿಮೆಯಾಗುತ್ತದೆ. ಅದು ಲೆಕ್ಕಕ್ಕೇ ಇಲ್ಲ. ಒಮ್ಮೆಲೇ 10 ಆಂಪಿಯರ್ ಬೇಕಾದಾಗ 1 ವೋಲ್ಟ್ ಕಡಿಮೆಯಾಗಿ, 12 ಇರಬೇಕಾದಲ್ಲಿ 11 ಉಳಿಯುತ್ತದೆ. ಎಸ್‌ಎಂಪಿಎಸ್‌ಗಳು ಪಾಲಿಸುವ ಎಟಿಎಕ್ಸ್ ನಿಯಮ ಬಹುಕಾಲ ಇಟ್ಟಿದ್ದ ಕೆಳಗಿನ ಮಿತಿ 11.4. ಪ್ಲಗ್ ಇನ್ನೊಂದು ಕೂದಲೆಳೆ ಅಲುಗಿದರೆ ತಡೆ ಇನ್ನೂ ಹೆಚ್ಚುತ್ತದೆ, ವೋಲ್ಟೇಜ್ ಇನ್ನೂ ಕೆಳಗಿಳಿಯುತ್ತದೆ. ಭಾರದ ಏರಿಕೆ ಮತ್ತು ಆ ಅಲುಗಾಟ ಒಂದೇ ಗಳಿಗೆಗೆ ಸೇರಿದರೆ ಮಾತ್ರ ಯಂತ್ರ ಬೀಳುತ್ತದೆ. ಎರಡು ಷರತ್ತುಗಳು ಕೂಡಿಬರಬೇಕಾದ್ದರಿಂದಲೇ ದೋಷ ಮೂರು ದಿನಕ್ಕೊಮ್ಮೆ ಕಾಣಿಸುತ್ತಿತ್ತು.

ನಿಮ್ಮ ಕಂಪ್ಯೂಟರ್‌ನಲ್ಲೂ ಇದೇ ಪ್ಲಗ್ ಕಾರಣ ಅಂತ ನಾನು ಹೇಳುತ್ತಿಲ್ಲ. ನಿಮ್ಮದು ಭಾರ ಏರಿದಾಗ ಬೀಳದೆ, ಆನ್ ಮಾಡಿ ಎರಡು ಗಂಟೆಯಾದ ಮೇಲೆ ಬೀಳುವುದಾದರೆ ಬಿಸಿಯೇ ಷರತ್ತು ಇರಬಹುದು. ಆಗ ಪರೀಕ್ಷೆಯೂ ಬೇರೆ ಆಗಬೇಕು: ಮುಚ್ಚಳ ಹಾಕಿ, ಒಂದೇ ಸಮ ಲೋಡ್ ಕೊಟ್ಟು, ಉಷ್ಣತೆ ಬರೆದುಕೊಳ್ಳಬೇಕು. ಒಂದು ಬದಲಾವಣೆಯಿಂದ ಸರಾಸರಿ 12 ನಿಮಿಷದಿಂದ 40ಕ್ಕೆ ಏರಿ, ಆದರೂ ಬೀಳುತ್ತಿದ್ದರೆ ಅದನ್ನು ವಿಫಲ ಅಂತ ಬಿಸಾಡಬೇಡಿ. ಕಾರಣದ ಒಂದು ಭಾಗವನ್ನು ಮುಟ್ಟಿರಬಹುದು, ಅಥವಾ ಎರಡು ದೋಷಗಳಲ್ಲಿ ಒಂದು ಹೋಗಿರಬಹುದು. ಅದನ್ನು ಖಚಿತ ಮಾಡಿಕೊಳ್ಳಲು ಒಂದೇ ಓಟ ಸಾಲದು, ನಾಲ್ಕೈದು ಬೇಕು.

ನನ್ನ ಯಂತ್ರಕ್ಕೆ ಅದೇ ಮಾಡೆಲ್‌ನ ಹೊಸ ಕೇಬಲ್ ತರಿಸಿದೆ. ಕೊನೆಯ ಪರೀಕ್ಷೆಯನ್ನು ಸಡಿಲ ಬಿಟ್ಟು ಮಾಡಲಿಲ್ಲ. ಮೊದಲು ಬೀಳುತ್ತಿದ್ದ ಹಾಗೆಯೇ ಹಿಂದಿನಿಂದ ಬಿಗಿಯಾಗಿ ತಂದು 60 ನಿಮಿಷ ಓಡಿಸಿದೆ. ನಂತರ ಮುಚ್ಚಳ ಹಾಕಿ ಇನ್ನೊಂದು 60 ನಿಮಿಷ. ಎರಡರಲ್ಲೂ ಬೀಳಲಿಲ್ಲ. ಆಮೇಲೆ ಕೇಬಲ್ ಅನ್ನು ಸ್ವಲ್ಪ ಸಡಿಲ ಮಾಡಿ ಕಟ್ಟಿ, ದಿನದ ಕೆಲಸಕ್ಕೆ ಬಳಸತೊಡಗಿದೆ. ಬರೆದಿಡುವುದನ್ನು ಮಾತ್ರ ಒಂಬತ್ತು ದಿನ ಮುಂದುವರಿಸಿದೆ. ಪಟ್ಟಿಗೆ ಒಂದು ಸಾಲೂ ಸೇರಲಿಲ್ಲ.